ಆಷಾಢದ ಗಾಳಿಯಲ್ಲಿ ಮಾತು ಹಿಡಿಯುವುದು

(ಊರಿನ ಹಿರಿಯರ ಮಾತು, ಹಾಡು ರೆಕಾರ್ಡ್ ಮಾಡುತ್ತಿರುವ ಹುಡುಗ ಹುಡುಗಿಯರ ಮುಂದೆ ಮಂಡ್ಯದಲ್ಲಿ ಆಡಿದ ಮಾತಿನ ಬರಹ ರೂಪ)

ನೀವು ತಂದ ರೆಕಾರ್ಡಿಂಗ್‌ಗಳನ್ನು ಬೆಳಿಗ್ಗೆ ಕೂತು ಕೇಳಿದೆ. ಆಲೆಮನೆಯಲ್ಲಿ ಬೆಲ್ಲದ ಪಾಕ ತೆಗೆಯುವವರು, ಸೋಬಾನೆ ಹೇಳುವ ಅಜ್ಜಿಯರು, ನಾಲೆ ನೀರಿನ ಹಳೇ ಕಥೆ ಹೇಳುವ ಗೌಡರು, ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದ್ದಾರೆ. ಕೇಳುತ್ತಾ ಹೋದರೆ ನಡುವೆ ಒಂದೇ ತೊಂದರೆ. ಒಳ್ಳೆ ಮಾತು ಬರುವ ಹೊತ್ತಿಗೆ ಸರಿಯಾಗಿ ದಬದಬ ಎಂಬ ಸದ್ದು ಎದ್ದು ಮಾತನ್ನು ನುಂಗಿಬಿಡುತ್ತದೆ. ಇದು ಆಷಾಢ. ಈ ಬಯಲಿನಲ್ಲಿ ಗಾಳಿ ಇಲ್ಲದ ಮಧ್ಯಾಹ್ನ ಸಿಗುವುದು ಕಷ್ಟ. ಹಾಗಂತ ಶ್ರಾವಣದವರೆಗೆ ಕಾಯಬೇಕಾಗಿಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಗಾಳಿ ಸದ್ದು ಎಂದು ನಾವು ಹೇಳುವುದರಲ್ಲಿ ಎರಡು ಬೇರೆ ಬೇರೆ ಸದ್ದುಗಳಿವೆ. ಕಬ್ಬಿನ ಗರಿ ಒಂದಕ್ಕೊಂದು ಉಜ್ಜಿ ಸರಸರ ಅನ್ನುತ್ತದಲ್ಲ, ಅದು ನಿಜವಾದ ಸದ್ದು. ಅಲ್ಲಿ ನಿಂತ ಎಲ್ಲರಿಗೂ ಕೇಳಿಸುತ್ತದೆ, ಮೈಕಿಗೂ ಕೇಳಿಸುತ್ತದೆ. ದಬದಬ ಸದ್ದು ಹಾಗಲ್ಲ. ಅದು ಗದ್ದೆಯಲ್ಲಿ ಎಲ್ಲೂ ಇಲ್ಲ. ಗಾಳಿ ಬಂದು ಮೈಕಿನ ಬಾಯಿಗೆ ಬಡಿದು, ಅಲ್ಲೇ ಸುಳಿ ಸುತ್ತಿ, ಒಳಗಿನ ತೆಳು ಪೊರೆಯನ್ನು ಹಿಂದೆ ಮುಂದೆ ತಳ್ಳುತ್ತದೆ. ಆ ತಳ್ಳಾಟವನ್ನೇ ಮೈಕು ಸದ್ದು ಎಂದು ಬರೆದುಕೊಳ್ಳುತ್ತದೆ. ಪಕ್ಕದಲ್ಲೇ ನಿಂತವರ ಕಿವಿಗೆ ಅದು ಬೀಳುವುದಿಲ್ಲ. ಅದಕ್ಕೇ ರೆಕಾರ್ಡ್ ಮಾಡುವಾಗ ಎಲ್ಲ ಸರಿ ಇದ್ದಂತೆ ಅನಿಸಿ, ಮನೆಗೆ ಬಂದ ಮೇಲೆ ಎದೆ ಒಡೆಯುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಮೈಕಿನ ಮೇಲೆ ಹಾಕುವ ಕೂದಲು ಬಟ್ಟೆಯ ಚೀಲ, ಅಂದರೆ ಫರ್ ಕವರ್, ತಡೆಯುವುದು ಎರಡನೆಯದನ್ನು ಮಾತ್ರ. ಗರಿಯ ಸರಸರವನ್ನು ಅದು ತಡೆಯುವುದಿಲ್ಲ, ತಡೆಯಲೂಬಾರದು. ಅದನ್ನೂ ತಡೆಯುವ ಬಟ್ಟೆ ಮಾತನ್ನೂ ತಡೆಯುತ್ತದೆ.

ವೇದಿಕೆ ಮೇಲೆ ಟೇಬಲ್ ಫ್ಯಾನ್ ಇಟ್ಟು ಇದನ್ನೇ ಕೇಳಿಸಿದೆ. ಬರಿ ಮೈಕನ್ನು ಫ್ಯಾನಿನ ಎದುರು ಹಿಡಿದಾಗ ಸ್ಪೀಕರಿನಲ್ಲಿ ಬರೀ ಗುಡುಗುಡು, ನನ್ನ ಮಾತು ಯಾರಿಗೂ ತಿಳಿಯಲಿಲ್ಲ. ಮೈಕಿನ ಜೊತೆ ಬರುವ ಕಪ್ಪು ಸ್ಪಂಜು ಹಾಕಿದೆ. ಫ್ಯಾನ್ ಒಂದನೇ ಸ್ಪೀಡಿನಲ್ಲಿ ಇರುವಾಗ ಮಾತು ಕೇಳಿಸಿತು, ಮೂರಕ್ಕೆ ತಿರುಗಿಸಿದಾಗ ಮತ್ತೆ ಗುಡುಗುಡು. ಸ್ಪಂಜಿನ ಮೇಲೆ ಉದ್ದ ಕೂದಲಿನ ಫರ್ ಕವರ್ ಎಳೆದೆ. ಗುಡುಗುಡು ನಿಂತಿತು. ಆಗ ಮುಂದಿನ ಸಾಲಿನವರೊಬ್ಬರು, "ಸಾರ್, ಈಗ ಫ್ಯಾನಿನ ಮೋಟಾರ್ ಕೇಳಿಸ್ತಿದೆ" ಅಂದರು. ಸರಿಯಾಗಿ ಗಮನಿಸಿದ್ದಾರೆ. ಮೋಟಾರ್ ಮೊದಲೂ ತಿರುಗುತ್ತಿತ್ತು, ಮೈಕಿನ ಬಾಯಲ್ಲಿ ಎದ್ದ ಗಲಾಟೆಯಲ್ಲಿ ಮುಚ್ಚಿಹೋಗಿತ್ತು ಅಷ್ಟೆ. ಫರ್ ತನ್ನ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯುವುದು ಹೀಗೇ. ದಬದಬ ಹೋಗಿ ಸುತ್ತಲಿನ ನಿಜವಾದ ಸದ್ದುಗಳು ಮೇಲೆ ಬರಬೇಕು.

ಆ ಕೂದಲು ಏನು ಮಾಡುತ್ತದೆ? ಕಬ್ಬಿನ ಗದ್ದೆಯನ್ನೇ ನೋಡಿ. ಬದುವಿನ ಮೇಲೆ ನಿಂತರೆ ಹೆಗಲ ಟವಲ್ ಹಾರಿಹೋಗುವಷ್ಟು ಗಾಳಿ. ನಾಲ್ಕು ಸಾಲು ಒಳಗೆ ಹೋಗಿ ನಿಂತರೆ ಗಾಳಿಯೇ ಇಲ್ಲ, ಸೆಕೆ. ಆದರೆ ಬದುವಿನ ಮೇಲಿಂದ ಯಾರಾದರೂ ಕೂಗಿದರೆ ಒಳಗೆ ಇರುವವರಿಗೆ ಕೇಳಿಸುತ್ತದೆ, ಅಲ್ವಾ? ಹೊರಗಿನ ಗರಿಗಳು ಗಾಳಿಯ ರಭಸವನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಬಿಡುತ್ತವೆ. ಸದ್ದು ಮಾತ್ರ ಸಂದಿಯಲ್ಲಿ ನುಸುಳಿ ಬರುತ್ತದೆ. ಫರ್ ಕವರಿನ ಕೂದಲು ಮಾಡುವುದೂ ಅದೇ. ಗಾಳಿಯ ಸುಳಿ ಮೈಕಿನ ಬಾಯಲ್ಲಿ ಏಳುವ ಬದಲು ದೂರದಲ್ಲಿ, ಕೂದಲ ತುದಿಯಲ್ಲಿ ಎದ್ದು ಅಲ್ಲೇ ಸಾಯುತ್ತದೆ. ಒಳಗೆ ಅಲುಗದ ಗಾಳಿಯ ಒಂದು ಪುಟ್ಟ ಜಾಗ ಉಳಿಯುತ್ತದೆ.

ಆ ಅಲುಗದ ಜಾಗವೇ ಎಲ್ಲ. ಫರ್ ಮೈಕಿನ ಬಾಯಿಗೆ ಅಂಟಿಕೊಂಡಿದ್ದರೆ ಅರ್ಧ ಪ್ರಯೋಜನ ಹೋಯಿತು. ನಡುವೆ ಸ್ಪಂಜು ಇರಬೇಕು ಅಥವಾ ಖಾಲಿ ಜಾಗ ಇರಬೇಕು. ಕವರ್ ದೊಡ್ಡದಾದಷ್ಟೂ ಒಳ್ಳೆಯದು. ಸಿನಿಮಾದವರು ಉದ್ದ ಮೈಕನ್ನು ಪಂಜರದಂಥ ಗೂಡಿನೊಳಗೆ ತೂಗುಹಾಕಿ ಅದರ ಮೇಲೆ ಫರ್ ಹಾಕುವುದು ಇದಕ್ಕೇ. ಮಾರ್ಕೆಟ್ಟಿನಲ್ಲಿ ಇದನ್ನು ಡೆಡ್ ಕ್ಯಾಟ್ ಎಂದು ಕೇಳಿದರೆ ಕೊಡುತ್ತಾರೆ. ಕಾಲರ್ ಮೈಕಿಗೆ ಹಾಕುವ ನಿಂಬೆಹಣ್ಣಿನ ಗಾತ್ರದ್ದೂ ಸಿಗುತ್ತದೆ. ಅದಕ್ಕೆ ದೊಡ್ಡದರಷ್ಟು ಶಕ್ತಿ ಇಲ್ಲ, ಆದರೂ ಬರಿ ಸ್ಪಂಜಿಗಿಂತ ಎಷ್ಟೋ ವಾಸಿ.

ಹೊಲಿದುಕೊಳ್ಳಬಹುದಾ ಎಂದು ಒಬ್ಬರು ಕೇಳಿದರು. ಹೊಲಿಯಬಹುದು. ನೋಡಬೇಕಾದ್ದು ಕೂದಲನ್ನಲ್ಲ, ಹಿಂದಿನ ಬಟ್ಟೆಯನ್ನು. ಆಟಿಕೆ ಗೊಂಬೆಗೆ ಬಳಸುವ ಫರ್ ಬಟ್ಟೆಗೆ ಕೆಲವೊಮ್ಮೆ ಹಿಂದೆ ರಬ್ಬರಿನಂಥ ಲೇಪ ಇರುತ್ತದೆ. ಅದು ಮಾತಿನ ಸ, ಶ, ಚಗಳನ್ನು ತಿಂದುಹಾಕುತ್ತದೆ. ಪರೀಕ್ಷೆ ಸುಲಭ. ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿ. ಒಮ್ಮೆ ಬಟ್ಟೆ ಇಲ್ಲದೆ, ಒಮ್ಮೆ ಬಟ್ಟೆ ಮುಚ್ಚಿ. ಝಣಝಣ ಸ್ವಲ್ಪ ಮೆತ್ತಗಾದರೆ ಪರವಾಗಿಲ್ಲ, ಒಳ್ಳೆ ಕವರಿನಲ್ಲೂ ಅಷ್ಟು ಆಗುತ್ತದೆ. ತೀರಾ ಮಂಕಾದರೆ ಆ ಬಟ್ಟೆ ಬೇಡ. ಬನಿಯನ್ ಬಟ್ಟೆ ಬಿಗಿಯಾಗಿ ಸುತ್ತಿದರೂ ಉಪಯೋಗ ಕಡಿಮೆ. ಒಳಗೆ ಜಾಗ ಉಳಿಯುವುದಿಲ್ಲವಲ್ಲ.

ಇನ್ನು ಮೈಕು ಎಲ್ಲಿಡಬೇಕು ಅನ್ನುವುದು. ನನ್ನ ಪ್ರಕಾರ ಫರ್‌ನಷ್ಟೇ ತೂಕ ಇದಕ್ಕಿದೆ, ಖರ್ಚು ಇಲ್ಲ. ನಿಮ್ಮ ಒಂದು ರೆಕಾರ್ಡಿಂಗನ್ನೇ ತೆಗೆದುಕೊಳ್ಳೋಣ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಗೌಡರು ನಿಂತು ಮಾತಾಡುತ್ತಿದ್ದಾರೆ. ಮಧ್ಯಾಹ್ನ. ಪಡುವಣ ಗಾಳಿ ನೇರ ಮುಖಕ್ಕೆ. ಕ್ಯಾಮೆರಾ ಮೇಲೆ ಕೂರಿಸಿದ ಉದ್ದ ಮೈಕು, ಅವರಿಂದ ಆರು ಅಡಿ ದೂರ. ಸ್ಪಂಜು ಮಾತ್ರ ಇದೆ.

ಇಲ್ಲಿ ಲೆಕ್ಕ ಹೀಗೆ. ಬಯಲಿನಲ್ಲಿ ಮೈಕಿನ ದೂರ ಅರ್ಧ ಮಾಡಿದರೆ ಮಾತು ಸುಮಾರು 6 ಡೆಸಿಬಲ್ ಜಾಸ್ತಿ ಆಗುತ್ತದೆ. ಆರು ಅಡಿಯಿಂದ ಮೂರಕ್ಕೆ ಬಂದರೆ 6, ಮೂರರಿಂದ ಒಂದೂವರೆಗೆ ಬಂದರೆ ಇನ್ನೊಂದು 6, ಮುಕ್ಕಾಲು ಅಡಿಗೆ ಬಂದರೆ ಒಟ್ಟು 18. ಮೈಕಿನ ಬಾಯಲ್ಲಿ ಏಳುವ ದಬದಬ ಮಾತ್ರ ಇದ್ದಷ್ಟೇ ಇರುತ್ತದೆ. ಮಾತಾಡುವವರು ಎಷ್ಟು ದೂರ ಇದ್ದಾರೆ ಅನ್ನುವುದು ಗಾಳಿಗೆ ಗೊತ್ತಿಲ್ಲ. ಹತ್ತಿರ ಬಂದದ್ದಕ್ಕೆ ರೆಕಾರ್ಡರಿನ ಗೇನ್, ಅಂದರೆ ಬಂದ ಸದ್ದನ್ನು ಅದು ಎಷ್ಟು ಹಿಗ್ಗಿಸುತ್ತದೆ ಅನ್ನುವುದನ್ನು, ಅಷ್ಟೇ ಇಳಿಸುತ್ತೀರಿ. ಗೇನ್ ಇಳಿದಾಗ ದಬದಬವೂ 18 ಡೆಸಿಬಲ್ ಇಳಿಯುತ್ತದೆ, ಗರಿಯ ಸರಸರವೂ ಜೊತೆಗೆ ಇಳಿಯುತ್ತದೆ. ಫರ್ ಮುಟ್ಟದ ಸರಸರವನ್ನು ರೆಕಾರ್ಡ್ ಮಾಡುವಾಗಲೇ ಇಳಿಸುವ ಮುಖ್ಯ ದಾರಿ ಇದೇ.

ಹಾಗಾಗಿ ಗೌಡರಿಗೆ ಕಾಲರ್ ಮೈಕು ಹಾಕೋಣ. ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುಮಧ್ಯೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಒಂದೇ ದಿಕ್ಕಿಗೆ ಕಿವಿಗೊಡುವ ಉದ್ದ ಮೈಕುಗಳು ಗಾಳಿಗೆ ಬಹಳ ಬೇಗ ಕಂಗೆಡುತ್ತವೆ. ಪೊರೆಯ ಎರಡೂ ಬದಿಗೆ ಗಾಳಿ ತಾಗುವಂತೆ ಅವುಗಳ ರಚನೆಯೇ ಇದೆ. ಕಾಲರ್ ಮೈಕುಗಳು ಸಾಮಾನ್ಯವಾಗಿ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವ ಜಾತಿ. ಅವು ಗಾಳಿಯನ್ನು ಚೆನ್ನಾಗಿ ತಾಳುತ್ತವೆ.

ಆಮೇಲೆ ಅವರನ್ನು ಎಲ್ಲಿ ಕೂರಿಸುವುದು? ಏರಿಯ ನೆತ್ತಿ ಮೇಲೆ ಗಾಳಿ ಅತಿ ಜಾಸ್ತಿ. ಗಾಳಿಯ ವೇಗ ಎರಡು ಪಟ್ಟಾದರೆ ಮೈಕಿಗೆ ಬೀಳುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಂದರೆ 12 ಡೆಸಿಬಲ್. ತಿರುಗಿಸಿ ನೋಡಿದರೆ, ಗಾಳಿ ಅರ್ಧ ಇರುವ ಜಾಗ ಹುಡುಕಿದರೆ 12 ಡೆಸಿಬಲ್ ಪುಕ್ಕಟೆ ಸಿಕ್ಕಿತು. ನೆಲಕ್ಕೆ ಹತ್ತಿರ ಬಂದಷ್ಟೂ ಗಾಳಿ ಕಡಿಮೆ. ಏರಿಯಿಂದ ಮೂಡಲ ಕಡೆಗೆ ಇಳಿಜಾರಿನಲ್ಲಿ ಇಳಿದು ಅವರನ್ನು ಕೂರಿಸಿ, ನೀವೂ ಕೂರಿ. "ಗೌಡ್ರೇ, ಬನ್ನಿ, ಇಲ್ಲಿ ನೆಳ್ಳಾಗ್ ಕೂತ್ಕಳಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ, ನಿಂತು ಮಾತಾಡುವುದಕ್ಕಿಂತ ಅವರಿಗೂ ಸುಖ. ಬೆನ್ನು ಪಡುವಣಕ್ಕೆ, ಮುಖ ಮೂಡಲಕ್ಕೆ. ಆಗ ಅವರ ಮೈಯೇ ಮೈಕಿಗೆ ಮರೆಯಾಗುತ್ತದೆ.

ಗೋಡೆ, ಗುಡಿಸಲು, ಟ್ರ್ಯಾಕ್ಟರ್ ಮರೆಗೆ ಕೂರಿಸುವುದೂ ಒಳ್ಳೆಯದೇ. ಮೂಲೆಗೆ ಮಾತ್ರ ಹೋಗಬೇಡಿ. ಗೋಡೆಯ ಅಂಚಿನಲ್ಲಿ ಗಾಳಿ ತಿರುಗಿ ಸುಳಿಯುತ್ತದೆ. ಬಯಲಿನ ಒಂದೇ ಸಮನೆ ಬೀಸುವ ಗಾಳಿಗಿಂತ ಆ ಸುಳಿಯೇ ಜಾಸ್ತಿ ಕಾಟ ಕೊಡುತ್ತದೆ. ಒಂದು ಚಿಟಿಕೆ ಒಣ ಮಣ್ಣನ್ನು ಎದೆ ಎತ್ತರದಿಂದ ಬಿಟ್ಟು ನೋಡಿ. ರಾಗಿ ತೂರುವವರು ಗಾಳಿ ನೋಡುವುದು ಹಾಗೇ. ಮಣ್ಣು ನೇರ ಕೆಳಗೆ ಬಿದ್ದರೆ ಜಾಗ ಸರಿ. ಸುತ್ತಿಕೊಂಡು ಹೋದರೆ ಎರಡು ಹೆಜ್ಜೆ ಸರಿಯಿರಿ.

ಸಮಯದ ಬಗ್ಗೆ ಒಂದು ಮಾತು. ಬೆಳಿಗ್ಗೆ ಬಿಸಿಲೇರುವ ಮೊದಲು ಗಾಳಿ ಸಾಮಾನ್ಯವಾಗಿ ತಣ್ಣಗಿರುತ್ತದೆ. ನೆಲ ಕಾದ ಮೇಲೆ ಬಿರುಸಾಗುತ್ತದೆ. ಬೆಳಿಗ್ಗೆಯಾದರೆ ಮೂಡಲಕ್ಕೆ ಮುಖ ಮಾಡಿ ಕೂತವರ ಮೇಲೆ ಎಳೆಬಿಸಿಲೂ ಬೀಳುತ್ತದೆ, ವಿಡಿಯೋ ಮಾಡುವವರಿಗೂ ಅನುಕೂಲ. ಸಂಜೆ ಹಾಗೆ ಕೂರಿಸಿದರೆ ಬಿಸಿಲು ಬೆನ್ನಿಗೆ, ಮುಖ ಕಪ್ಪು. ಆಗ ಚಿತ್ರ ಮುಖ್ಯವೋ ಮಾತು ಮುಖ್ಯವೋ ನೀವೇ ತೀರ್ಮಾನಿಸಬೇಕು. ಹಿರಿಯರ ಮಾತು ದಾಖಲಿಸಲು ಹೊರಟವರಿಗೆ ಮಾತೇ ಮುಖ್ಯ ಎಂದು ನಾನು ಹೇಳುತ್ತೇನೆ.

ಮೈಕನ್ನು ಅಂಗಿಯೊಳಗೆ ಅಡಗಿಸಿದರೆ ಗಾಳಿ ತಾಗುವುದಿಲ್ಲ ಎಂದು ಹಲವರು ಹಾಗೆ ಮಾಡುತ್ತಾರೆ. ತಾಗುವುದು ಕಡಿಮೆ ಆಗುತ್ತದೆ, ನಿಜ. ಆದರೆ ಬಟ್ಟೆ ಉಜ್ಜುವ ಸದ್ದು ಹತ್ತಿಕೊಳ್ಳುತ್ತದೆ. ಅದು ದಬದಬ ಅಲ್ಲ, ಕರಕರ. ಮಾತು ಇರುವ ಜಾಗದಲ್ಲೇ ಅದೂ ಇರುವುದರಿಂದ ಯಾವ ಫಿಲ್ಟರಿಗೂ ಬಗ್ಗುವುದಿಲ್ಲ. ಟೆರಿಲಿನ್ ಅಂಗಿಯಾದರೆ ಇನ್ನೂ ಜಾಸ್ತಿ. ಹತ್ತಿ ಅಂಗಿಯ ಹೊರಗೆ ಪುಟ್ಟ ಫರ್ ಹಾಕಿ ಸಿಕ್ಕಿಸುವುದೇ ಒಳ್ಳೆಯದು. ವೈರನ್ನು ಒಳಗೆ ಒಂದು ಸುತ್ತು ಸಡಿಲ ಬಿಟ್ಟು ಆಸ್ಪತ್ರೆ ಟೇಪಿನಿಂದ ಅಂಟಿಸಿ. ಹೆಗಲ ಮೇಲಿನ ಟವಲ್ ಮೈಕಿಗೆ ತಾಗುತ್ತಿದೆಯಾ ನೋಡಿ. ತೆಗೆದಿಡಿ ಎಂದು ಹೇಳಬೇಡಿ, ಇನ್ನೊಂದು ಹೆಗಲಿಗೆ ಹಾಕಿಕೊಳ್ಳಿ ಅಂದರೆ ಸಾಕು.

ಈಗ ಗೇನ್. ಗೌಡರು ಏರು ದನಿಯಲ್ಲಿ ಮಾತಾಡಿದಾಗ ಮೀಟರ್ −12 ಹತ್ತಿರ ನಿಲ್ಲಲಿ. ಮೇಲೆ ಜಾಗ ಇರಬೇಕು. ಗಾಳಿಯ ಒಂದು ಹೊಡೆತಕ್ಕೆ ಮೀಟರ್ 0 ಮುಟ್ಟಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಆ ಕ್ಷಣದಲ್ಲಿ ಮೇಲಿದ್ದ ಮಾತೂ ಜೊತೆಗೆ ಕತ್ತರಿಸಿ ಹೋಗುತ್ತದೆ. ಮುಂದೆ ಯಾವ ಫಿಲ್ಟರ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ರೆಕಾರ್ಡರಿನಲ್ಲೋ ಮೈಕಿನಲ್ಲೋ ತಳದ ಸದ್ದನ್ನು ಕಡಿಮೆ ಮಾಡುವ ಲೋ ಕಟ್ ಎಂಬ ಸ್ವಿಚ್ ಇದ್ದರೆ 80 ಹರ್ಟ್ಸ್‌ಗೆ ಹಾಕಿ. ಜೋರು ಸದ್ದಿಗೂ ಅಲೆಯ ತಲೆ ಕತ್ತರಿಸದ 32 ಬಿಟ್ ಫ್ಲೋಟ್ ರೆಕಾರ್ಡರ್ ಇದೆ, ನಮಗೆ ಚಿಂತೆ ಇಲ್ಲ ಎಂದು ಒಬ್ಬರು ಹೇಳಿದರು. ರೆಕಾರ್ಡರಿನ ಮಟ್ಟಿಗೆ ಚಿಂತೆ ಇಲ್ಲದಿರಬಹುದು. ಮೈಕಿನ ಒಳಗಿನ ಸರ್ಕ್ಯೂಟೇ ತುಂಬಿಹೋದರೆ ರೆಕಾರ್ಡರಿಗೆ ಬರುವುದೇ ಕತ್ತರಿಸಿದ ಸದ್ದು. ಫೋನಿನಲ್ಲಿ, ಕ್ಯಾಮೆರಾದಲ್ಲಿ ಇರುವ ಆಟೋ ಗೇನ್ ಆರಿಸಿ. ಗಾಳಿ ಹೊಡೆದಾಗಲೆಲ್ಲ ಅದು ಸದ್ದು ಇಳಿಸುತ್ತದೆ, ಜೊತೆಗೆ ಮಾತೂ ಮುಳುಗುತ್ತದೆ.

ಅಲ್ಲೇ ತಿಳಿಯುವುದು ಹೇಗೆ? ಯಾರೂ ಮಾತಾಡದಾಗ ಮೀಟರ್ ನೋಡಿ. ಸುಮ್ನೆ ಇರುವಾಗಲೂ ಅದು ಮೇಲೆ ಕೆಳಗೆ ಕುಣಿಯುತ್ತಿದ್ದರೆ ಅದೇ ಗಾಳಿ. ಕಿವಿ ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನಿನಲ್ಲಿ ಕೇಳಿ. ಫೋನಿನ ಸ್ಪೀಕರಿನಲ್ಲಿ ಕೇಳಿ ಒಪ್ಪಿಕೊಳ್ಳಬೇಡಿ. ಗಾಳಿಯ ದಬದಬ ಬಹುಪಾಲು 200 ಹರ್ಟ್ಸ್‌ಗಿಂತ ಕೆಳಗೆ ಇರುತ್ತದೆ. ಅಷ್ಟು ಕೆಳಗಿನ ಸದ್ದನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸುವುದೇ ಇಲ್ಲ ಅನ್ನಬಹುದು. ಅದೇ ಫೈಲನ್ನು ಟಿವಿಗೆ ಹಾಕಿದಾಗ ಬಣ್ಣ ಬಯಲಾಗುತ್ತದೆ. ಗಾಳಿ ಮಾತನ್ನು ನುಂಗಿದ್ದು ಗೊತ್ತಾದರೆ ಆಗಲೇ, "ಗೌಡ್ರೇ, ಗಾಳಿ ಬಂತು, ಅದೊಂದ್ ಮಾತು ಇನ್ನೊಂದ್ ಸಲ ಹೇಳಿ" ಎಂದು ಕೇಳಿಬಿಡಿ. ಎಡಿಟಿಂಗ್‌ನಲ್ಲಿ ಒಂದು ಗಂಟೆ ಗುದ್ದಾಡುವುದಕ್ಕಿಂತ ಅದು ವಾಸಿ. ಎಲ್ಲ ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಅಲ್ಲಿನ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಅದು ಯಾಕೆ ಎಂದು ಈಗ ಹೇಳುತ್ತೇನೆ.

ಎಡಿಟಿಂಗ್‌ಗೆ ಬಂದೆವು. ಉಚಿತವಾಗಿ ಸಿಗುವ `Audacity` ಸಾಕು. ಮೂಲ ಫೈಲನ್ನು ಮುಟ್ಟದೆ ಒಂದು ಪ್ರತಿ ತೆಗೆದು ಅದರ ಮೇಲೆ ಕೆಲಸ ಮಾಡಿ. ಪೂರ್ತಿ ರೆಕಾರ್ಡಿಂಗ್ ಆಯ್ದುಕೊಂಡು `High-Pass Filter` ತೆರೆಯಿರಿ. `Frequency` ಜಾಗದಲ್ಲಿ 80, `Roll-off` ಜಾಗದಲ್ಲಿ 24 dB. ಅಂದರೆ 80 ಹರ್ಟ್ಸ್‌ನಿಂದ ಕೆಳಗೆ ಸದ್ದು ಇಳಿಯುತ್ತಾ ಹೋಗಿ, 40ಕ್ಕೆ ಬರುವಷ್ಟರಲ್ಲಿ ಸುಮಾರು 24 ಡೆಸಿಬಲ್ ಕಡಿಮೆಯಾಗಿರುತ್ತದೆ. ಗಂಡಸರ ದನಿಯ ತಳ ಸಾಮಾನ್ಯವಾಗಿ 85ರಿಂದ ಮೇಲೆ. ಹಾಗಾಗಿ ಗೌಡರ ದನಿಗೆ ಏನೂ ಆಗುವುದಿಲ್ಲ. ಸೋಬಾನೆ ಹೇಳುವ ಅಜ್ಜಿಯ ದನಿಯ ತಳ ಇನ್ನೂ ಮೇಲಿರುತ್ತದೆ, ಅಲ್ಲಿ 120ರವರೆಗೂ ಧೈರ್ಯವಾಗಿ ಹೋಗಬಹುದು. ತಮಟೆ, ನಗಾರಿ ಇರುವ ಕಡೆ ಮಾತ್ರ ಎಚ್ಚರ, ಅವುಗಳ ಗುಂಗು ಇರುವುದೇ ಆ ಕೆಳಗಿನ ಜಾಗದಲ್ಲಿ.

ಇಷ್ಟು ಮಾಡಿದ ಮೇಲೂ ಎರಡು ಮೂರು ಕಡೆ ದಬ್ ಎಂಬ ಹೊಡೆತ ಉಳಿದಿರುತ್ತದೆ. ಟ್ರ್ಯಾಕನ್ನು `Spectrogram` ನೋಟಕ್ಕೆ ಬದಲಿಸಿ. ಮಾತು ಒಂದರ ಮೇಲೊಂದು ಗೆರೆಗಳಾಗಿ ಕಾಣುತ್ತದೆ, ಗಾಳಿಯ ಹೊಡೆತ ತಳದಲ್ಲಿ ಬಣ್ಣ ಚೆಲ್ಲಿದ ಗುಡ್ಡೆಯಾಗಿ ಕಾಣುತ್ತದೆ. ಆ ಗುಡ್ಡೆ ಇರುವಷ್ಟು ಹೊತ್ತನ್ನು ಮಾತ್ರ ಆಯ್ದು, ಅದೇ ಫಿಲ್ಟರನ್ನು 150ಕ್ಕೆ ಹಾಕಿ. ಆ ಒಂದು ಕ್ಷಣ ದನಿ ತೆಳ್ಳಗಾಗುತ್ತದೆ. ಆದರೆ ಮಾತಿನ ಅರ್ಥ ಹೊರುವ ಭಾಗ ಹೆಚ್ಚಾಗಿ 1000ದಿಂದ 4000 ಹರ್ಟ್ಸ್ ನಡುವೆ ಇದೆ, ಅದು ಹಾಗೇ ಉಳಿಯುತ್ತದೆ. ಪೂರ್ತಿ ಫೈಲಿಗೆ 150 ಹಾಕಿದರೆ ಮಾತ್ರ ಗೌಡರ ಗಡಸು ದನಿ ಹೋಗಿ ಹಳೇ ಫೋನಿನಲ್ಲಿ ಕೇಳಿದಂತೆ ಆಗುತ್ತದೆ. ಅಲ್ಲಲ್ಲಿ ಮಾತ್ರ ಹಾಕಿ ಎಂದು ಹೇಳುವುದು ಅದಕ್ಕೇ.

ಮಾತಿಲ್ಲದ ಕಡೆ ಹೊಡೆತ ಇದ್ದರೆ ಅದನ್ನು ಕತ್ತರಿಸಿ ಖಾಲಿ ಬಿಡಬೇಡಿ. ಖಾಲಿ ಬಂದರೆ ಸದ್ದು ತಟ್ಟನೆ ಸತ್ತಂತಾಗಿ ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ರೆಕಾರ್ಡ್ ಮಾಡಿಟ್ಟ ಆ ಅರ್ಧ ನಿಮಿಷದಿಂದ ಅಷ್ಟೇ ಉದ್ದದ ತುಂಡು ತಂದು ಅಲ್ಲಿ ಕೂರಿಸಿ. ಗರಿ ಸರಸರ, ನಾಲೆ ನೀರಿನ ಸದ್ದು ಮುಂದುವರಿಯುತ್ತದೆ, ತೇಪೆ ಕಾಣುವುದಿಲ್ಲ.

`Noise Reduction` ಬಗ್ಗೆ ಬಹಳ ಜನ ಕೇಳಿದಿರಿ. ಅದು ಫ್ಯಾನ್, ಪಂಪ್‌ಸೆಟ್‌ನಂಥ ಒಂದೇ ಸಮನೆ ಇರುವ ಸದ್ದಿಗೆ ಮಾಡಿದ್ದು. ಮೊದಲು ಬರಿ ಸದ್ದಿನ ಒಂದು ತುಂಡನ್ನು ಅದಕ್ಕೆ ಮಾದರಿಯಾಗಿ ತೋರಿಸಬೇಕು. ಗಾಳಿಗೆ ಒಂದು ಮಾದರಿ ಎಲ್ಲಿದೆ? ಒಂದು ಹೊಡೆತದಂತೆ ಇನ್ನೊಂದಿಲ್ಲ. ಗಾಳಿಗೆ ಅದನ್ನು ಜೋರಾಗಿ ಬಳಸಿದರೆ ಮಾತಿನ ಸುತ್ತ ಗುಳುಗುಳು ಎಂಬ ಹೊಸ ಸದ್ದು ಹುಟ್ಟುತ್ತದೆ. ಗರಿಯ ಸರಸರ ಸ್ವಲ್ಪ ಇಳಿಸಬೇಕೆಂದರೆ 6 ಡೆಸಿಬಲ್‌ವರೆಗೆ ಬಳಸಿ, ಅಷ್ಟಕ್ಕೇ ನಿಲ್ಲಿಸಿ. ಜೋರು ಸದ್ದನ್ನು ಒತ್ತಿ ಸಮ ಮಾಡುವ ಕಂಪ್ರೆಸರ್, ಲೌಡ್‌ನೆಸ್ ಏನೇ ಇದ್ದರೂ `High-Pass Filter` ಆದ ಮೇಲೆ ಹಾಕಿ. ಮೊದಲೇ ಹಾಕಿದರೆ ಕಂಪ್ರೆಸರ್ ಕಿವಿಗೆ ಕೇಳಿಸದ ಗುಡುಗುಡಿಗೆ ಬೆಚ್ಚಿ ಮಾತನ್ನು ಒತ್ತುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಂಗಿ ಕೇಳಿದಳು, "ಸಾರ್, ಮಳೆ ಹನಿಗೆ ಫರ್ ನೆನೆದ್ರೆ?" ನೆಂದ ಕೂದಲು ಒಂದಕ್ಕೊಂದು ಅಂಟಿ ಜಡೆಯಾಗುತ್ತದೆ, ಆಗ ಗಾಳಿಯನ್ನೂ ತಡೆಯುವುದಿಲ್ಲ, ಮಾತನ್ನೂ ಮಂಕು ಮಾಡುತ್ತದೆ. ಮೈಕಿನಿಂದ ತೆಗೆದು ಜೋರಾಗಿ ಕೊಡವಿ, ನೆರಳಲ್ಲಿ ಒಣಗಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಿ. ಧೂಳು, ಬೆಲ್ಲದ ಜಿಗುಟು ಹತ್ತಿದ್ದರೆ ತಣ್ಣೀರಿಗೆ ಸ್ವಲ್ಪ ಶಾಂಪೂ ಹಾಕಿ ಕೈಯಲ್ಲೇ ತೊಳೆಯಿರಿ. ಒಳಗಿನ ಸ್ಪಂಜು ಪೂರ್ತಿ ಒಣಗುವವರೆಗೆ ಮೈಕಿಗೆ ಹಾಕಬೇಡಿ. ಆಷಾಢದಲ್ಲಿ ಒಂದೇ ದಿನದಲ್ಲಿ ಒಣಗುವುದಿಲ್ಲ, ಹಾಗಾಗಿ ಚೀಲದಲ್ಲಿ ಇನ್ನೊಂದು ಇಟ್ಟುಕೊಂಡಿರಿ.